ಸೊನ್ನೆಗಿಳಿದ ಎಣಿಕೆ

ಮಧ್ಯಾಹ್ನ ಎರಡೂವರೆಗೆ ಧಾರಿಣಿ ಮೂರನೆಯ ಸಲ ಅದೇ ಲೆಕ್ಕ ಹಾಕಿದಳು. ಉತ್ತರ ಬದಲಾಗಲಿಲ್ಲ. ನೋಯ್ಡಾದ ಆ ಗೇಮ್ ಕಂಪನಿಯಲ್ಲಿ ಅಂಕಿ-ಅಂಶ ನೋಡುವವಳು ಅವಳೊಬ್ಬಳೇ. ನಾಲ್ಕು ಗಂಟೆಗೆ ಆಟದಲ್ಲಿ ಹೊಸ ಈವೆಂಟ್, ಅಂದರೆ ಕಾರ್ಡು ಎಳೆಯುವ ಹೊಸ ಸುತ್ತು, ಶುರುವಾಗಬೇಕಿತ್ತು. ಕುರ್ಚಿಯಲ್ಲಿ ಕೂರಲಾಗದೆ ಎದ್ದು ಹೃಷಿಕೇಶ್ ಮೇಜಿನ ಬಳಿ ಹೋದಳು. ಟೀಮಿನ ಮುಖ್ಯಸ್ಥ ಅವನೇ, ಧಾರವಾಡದವನು.

"ಆಟಗಾರರು ನೂರು ಸಲ ಕಾರ್ಡು ಎಳೆದರೆ ಅಪರೂಪದ ಗರುಡ ಸರಾಸರಿ ಎಷ್ಟು ಸಿಗಬೇಕು, ಹೇಳಿ."

"ಒಂದು. ಒಂದು ಪರ್ಸೆಂಟ್ ತಾನೇ?"

"ಅದು ಒಂದೊಂದು ಎಳೆತಕ್ಕೆ. ತೊಂಬತ್ತೊಂಬತ್ತು ಸಲ ಸಿಗದಿದ್ದವರಿಗೆ ನೂರನೆಯದರಲ್ಲಿ ಕೊಟ್ಟೇ ಕೊಡುತ್ತೇವಲ್ಲ, ಆ ಪಿಟಿ ಕೌಂಟರ್, ಕನಿಕರದ ಎಣಿಕೆ, ಸೇರಿದರೆ ಸರಾಸರಿ ಅರವತ್ಮೂರು ಎಳೆತಕ್ಕೆ ಒಂದು. ಅಂದರೆ ನೂರಕ್ಕೆ ಹತ್ತಿರಹತ್ತಿರ ಒಂದು ಪಾಯಿಂಟ್ ಆರು. ನಮ್ಮಲ್ಲಿ ಬಂದಿರುವುದು ಒಂದು ಪಾಯಿಂಟ್ ಮೂರು."

"ಅದೃಷ್ಟ ಹಾಗೆ ಇರಬಹುದು."

"ಇಪ್ಪತ್ತು ಲಕ್ಷ ಎಳೆತದಲ್ಲಿ ಅದೃಷ್ಟ ಇಷ್ಟು ವಾಲುವುದಿಲ್ಲ."

ಅವಳು ಫೋನಿನಲ್ಲಿ ಒಂದು ದೂರು ತೋರಿಸಿದಳು. ಇಂದಿರಾಪುರಂನ ಧನುಷ್ ಎಂಬ ವಿದ್ಯಾರ್ಥಿ ನೂರ ನಲವತ್ತೊಂದು ಸಲ ಎಳೆದಿದ್ದ; ಒಂದು ಗರುಡವೂ ಬಂದಿರಲಿಲ್ಲ. ಎರಡು ವಾರದ ಹಿಂದೆ ಅವನಿಗೆ ಉತ್ತರ ಬರೆದುಕೊಟ್ಟವಳು ಧಾರಿಣಿಯೇ: "ಸಂಭವನೀಯತೆ ಹೀಗೇ, ಮತ್ತೆ ಪ್ರಯತ್ನಿಸಿ." ಈಗ ಆ ಸಾಲು ನೋಡಿದರೆ ಮುಖ ಬಿಸಿಯೇರುತ್ತಿತ್ತು. ನೂರು ದಾಟಿದ ಒಂದೇ ಒಂದು ಪ್ರಕರಣವೂ ಇರಕೂಡದು.

"ಹಳೆಯ ಈವೆಂಟಿನಲ್ಲಿ ಅವನದು ಎಪ್ಪತ್ತೆಂಟಕ್ಕೆ ನಿಂತಿತ್ತು. ಈವೆಂಟ್ ಬದಲಾದ ಕೂಡಲೇ ಎಣಿಕೆ ಸೊನ್ನೆಯಾಗಿದೆ. ಆಮೇಲೆ ಹೊಸದರಲ್ಲಿ ಅರವತ್ಮೂರು ಸಲ ಎಳೆದಿದ್ದಾನೆ. ಎಣಿಕೆ ಮುಂದುವರಿಯುತ್ತದೆ ಅಂತ ಆಟದ ನಿಯಮದಲ್ಲಿ ನಾವೇ ಬರೆದಿದ್ದೇವೆ."

ಹೃಷಿಕೇಶ್ ಪರದೆಯ ಮೇಲೆ ಕೋಡ್ ತೆರೆದು, ಈವೆಂಟ್ ಬದಲಿಸುವ ಭಾಗ ಹುಡುಕಿದ. ಅವಳು ಕಿಟಕಿಯವರೆಗೂ ನಡೆದು ವಾಪಸ್ಸು ಬಂದಳು, ಮತ್ತೆ ನಡೆದಳು.

"ಅಚ್ಛಾ, ಇಲ್ಲಿದೆ," ಎಂದ ಕೊನೆಗೆ. "ಈವೆಂಟಿಗೊಂದು ಹೊಸ ಕೌಂಟರ್ ಹುಟ್ಟುತ್ತಿದೆ. ಆದರೆ ಈಗ ನಿಲ್ಲಿಸಿದರೆ ಮೇಲಿನವರು ನನ್ನನ್ನು ಸುಮ್ಮನೆ ಬಿಡುವುದಿಲ್ಲ."

"ನಿಲ್ಲಿಸದಿದ್ದರೆ ನಾಲ್ಕಕ್ಕೆ ಎಲ್ಲರದೂ ಮತ್ತೆ ಅಳಿಸಿಹೋಗುತ್ತದೆ. ಗೊತ್ತಿದ್ದೂ."

ಅವನು ಹಣೆ ಉಜ್ಜಿಕೊಂಡ. ಮೂರು ಗಂಟೆ ಐವತ್ತಕ್ಕೆ ಫೋನ್ ಎತ್ತಿ ಈವೆಂಟನ್ನು ಒಂದು ದಿನ ಮುಂದೂಡಿಸಿದ. ಆ ಕಡೆಯ ಬೈಗುಳ ಧಾರಿಣಿಗೂ ಕೇಳಿಸಿತು.

ಮರುದಿನ ಹಳೆಯ ದಾಖಲೆಗಳಿಂದ ಎಲ್ಲರ ಎಣಿಕೆ ಕೂಡಿಸಿದರು. ಧನುಷ್‌ಗೆ ನೂರನೆಯ ಎಳೆತದ ಗರುಡ ಸಿಕ್ಕಿತು, ಆಮೇಲಿನ ನಲವತ್ತೊಂದು ಅವನ ಮುಂದಿನ ಎಣಿಕೆಗೆ ಸೇರಿತು. ಅವಳೇ ಕ್ಷಮೆ ಕೇಳಿ ಬರೆದಳು.

ಉತ್ತರ ಸಂಜೆ ಬಂತು: "ಥ್ಯಾಂಕ್ಸ್, ಮ್ಯಾಮ್. ಎರಡು ವಾರದ ಹಿಂದಿನ ಆ ಉತ್ತರ ಓದಿದ ದಿನವೇ ನಾನು ಫೋನಿನಿಂದ ಗೇಮ್ ತೆಗೆದುಹಾಕಿದೆ."

ಧಾರಿಣಿ ಅದನ್ನು ಎರಡು ಸಲ ಓದಿದಳು. ಆಮೇಲೆ ಇನ್ನೂ ಉತ್ತರ ಹೋಗದ ದೂರುಗಳ ಪಟ್ಟಿ ತೆರೆದಳು.