ಹೆಗಲ ಮೇಲಿನ ಕತ್ತಲು

ಮೊದಲ ಸ್ಟುಡಿಯೊದವರು ಫೋಟೊವನ್ನು ಹಾಳುಗೆಡವಿದ್ದರು. ಮುಳುಗುವ ಸೂರ್ಯನಿಗೆ ಬೆನ್ನು ಮಾಡಿ ನಿಂತ ಹುಡುಗನ ಕಪ್ಪಾದ ಮುಖ ಕಾಣಲೆಂದು ಇಡೀ ಚಿತ್ರವನ್ನೇ ಬೆಳಗಿಸಿ, ಸಂಜೆಯ ಕೆಂಪನ್ನೆಲ್ಲ ತೊಳೆದು ಹಾಕಿದ್ದರು. ಆಕಾಶ ಸುಣ್ಣ ಬಳಿದ ಗೋಡೆಯಂತಿತ್ತು.

“ನನ್ನ ಮಗ ಈ ಗೋಡೆ ನೋಡೋಕೆ ಬೆಟ್ಟ ಹತ್ತಿದ್ನಾ?” ಎಂದಳು ತಾಯಿ.

ಆ ಸಂಜೆ ಬೆಟ್ಟ ಇಳಿದು ಬಂದು ಮಲಗಿದ ಹುಡುಗ ಮತ್ತೆ ಏಳಲಿಲ್ಲ. ಪಕ್ಕದ ಕೋಣೆಯಲ್ಲೇ ಇದ್ದೂ ತಾಯಿಗೆ ಗೊತ್ತಾಗಿರಲಿಲ್ಲ. ಒಬ್ಬನೇ ಪ್ರಾಣ ಬಿಟ್ಟ, ಹೆದರಿದನೋ ಏನೋ ಎಂಬ ಒಂದೇ ಮಾತು ಅವಳನ್ನು ಕೊರೆಯುತ್ತಿತ್ತು.

ಫೋಟೊ ತೆಗೆದವಳು ಅವನ ತಂಗಿ. ಕ್ಯಾಮೆರಾದ ಮೂಲ ಫೈಲನ್ನು ಅಳಿಸದೆ ಇಟ್ಟುಕೊಂಡಿದ್ದಳು. ತಾಯಿ-ಮಗಳು ಈಗ ಬಂದಿದ್ದ ಎರಡನೇ ಸ್ಟುಡಿಯೊದಲ್ಲಿ ಫೋಟೊ ತಿದ್ದುವ ಅಕ್ಕನಿಗೆ ಅಷ್ಟೇ ಬೇಕಿತ್ತು. ಮಸಿಯಂತೆ ಕಾಣುವ ಕಪ್ಪಿನಲ್ಲೂ ಅಂಥ ಫೈಲು ಒಂದಿಷ್ಟು ಬೆಳಕನ್ನು ಅಡಗಿಸಿಟ್ಟಿರುತ್ತದೆ.

ಅಕ್ಕ ಹುಡುಗನ ಆಕಾರವನ್ನಷ್ಟೇ ಆಯ್ದುಕೊಳ್ಳಲು ಕಂಪ್ಯೂಟರಿಗೆ ಹೇಳಿದಳು. ಕೂದಲಿನ ಸುತ್ತ ಬಿಳಿ ಗೆರೆ ಮೂಡದಂತೆ ಅಂಚನ್ನು ಮೆದುವಾಗಿಸಿದಳು. ಆಕಾಶವನ್ನು ಮುಟ್ಟಲಿಲ್ಲ. ನೆರಳನ್ನು ಮೆಲ್ಲಗೆ ಎತ್ತಿ, ಅಂದರೆ ತಿಳಿಯಾಗಿಸಿ, ಮುಖ ಬೂದಿಯಾಗದಂತೆ ಒಂಚೂರು ಕಿತ್ತಳೆ ಬೆರೆಸಿದಳು. ಹಣೆ ಬಂತು, ಮೂಗು ಬಂತು. ಹುಡುಗ ನಗುತ್ತಿದ್ದ.

“ಅಬ್ಬಾ, ಹಲ್ಲು ಬಿಟ್ಕೊಂಡು ನಿಂತಿದಾನೆ, ಕೋತಿ!” ಎಂದು ತಂಗಿ ಕಣ್ಣೊರೆಸಿಕೊಂಡಳು. ಆಮೇಲೆ ಪರದೆಯತ್ತ ಬಾಗಿದಳು. “ಅಕ್ಕಾ, ಹೆಗಲ ಮೇಲೆ ಅದೇನು?”

ಬ್ಯಾಗಿನ ಪಟ್ಟಿಯಿರಬೇಕೆಂದು ಅಕ್ಕ ಹಿಗ್ಗಿಸಿ ನೋಡಿದಳು. ನಾಲ್ಕು ಬೆರಳುಗಳಿದ್ದವು. ಕಂಪ್ಯೂಟರು ಅವನ್ನೂ ಹುಡುಗನ ಮೈಯೆಂದೇ ಬಗೆದು ಜೊತೆಗೇ ಬೆಳಗಿಸಿತ್ತು.

“ನಾವಿಬ್ರೇ ಇದ್ದಿದ್ದು. ಕ್ಯಾಮೆರಾ ನನ್ನ ಕೈಲಿತ್ತು,” ಎಂದಳು ತಂಗಿ.

ಅಕ್ಕ ತಾಯಿಯತ್ತ ತಿರುಗಿದಳು. “ಅಮ್ಮಾ, ಅದೊಂದನ್ನ ಕತ್ತಲಲ್ಲೇ ಬಿಡ್ತೀನಿ. ಯಾರಿಗೂ ಕಾಣಲ್ಲ.”

“ಬೇಡ ಕಣಮ್ಮಾ.” ತಾಯಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. ಎಷ್ಟೋ ದಿನಗಳ ಮೇಲೆ ಅವಳ ಮುಖ ಸಡಿಲವಾಗಿತ್ತು. “ಯಾರೋ ಮೆತ್ತಗೆ ಹಿಡಿದಿದಾರೆ ನೋಡು, ನನ್ನ ಮಗ ಒಬ್ನೇ ಹೋಗ್ಲಿಲ್ಲ. ಅವರ ಮುಖಾನೂ ಕತ್ತಲಿಂದ ಎತ್ತೋಕಾಗುತ್ತಾ?”

ಅಕ್ಕ ಹೆಗಲ ಹಿಂದಿನ ಜಾಗವನ್ನು ಬೇರೆಯಾಗಿ ಆಯ್ದು ಬೆಳಗಿಸಿದಳು. ಅಲ್ಲಿ ಎತ್ತಲು ಕತ್ತಲೇ ಇರಲಿಲ್ಲ. ಮಣಿಕಟ್ಟು ಮುಗಿದಲ್ಲಿಂದಲೇ ಆಕಾಶ. ಕಿತ್ತಳೆ ಬಿಳಿಚಿಕೊಂಡಿತೇ ಹೊರತು ತೋಳು ಸಿಗಲಿಲ್ಲ, ಮುಖ ಸಿಗಲಿಲ್ಲ. ಅಕ್ಕ ತಟ್ಟನೆ ಆ ಬದಲಾವಣೆಯನ್ನು ಅಳಿಸಿದಳು. ಬಣ್ಣ ಮರಳಿತು.

“ಇರಲಿ ಬಿಡು,” ಎಂದಳು ತಾಯಿ. “ಹೀಗೇ ಪ್ರಿಂಟ್ ಹಾಕು. ಕೈ ಮಾತ್ರ ತೆಗೀಬೇಡ.”

ಯಂತ್ರ ಗುರ್ರೆಂದಿತು. ಮೊದಲು ಆಕಾಶ, ಆಮೇಲೆ ಕೂದಲು, ನಗು. ತಂಗಿ ಎದ್ದು ಬಾಗಿಲಿನಾಚೆ ಹೋಗಿ ನಿಂತಳು. ತಾಯಿ ಮಾತ್ರ ಕಾಗದ ಹೆಗಲಿನ ತನಕ ಬರುವುದನ್ನೇ ಕಾಯುತ್ತ ಕೂತಳು.