ಕಾರ್ಡಿನಲ್ಲಿ ಉಳಿದ ಮೆಟ್ಟಿಲು

ಇನ್ನೊಂದು ದೀಪ ಇಟ್ಟರೆ ಮೆಟ್ಟಿಲು ಉಳಿಯುತ್ತದೆಯೇ? ಉಳಿಯದು. ಇಡದಿದ್ದರೆ ಗಿರಾಕಿ ಉಳಿಯುತ್ತಾರೆಯೇ? ಅದೂ ಅನುಮಾನ. ಮುದ್ರಣ ಪ್ರೆಸ್ಸಿನ ಡಿಸೈನರ್‌ನ ಕೈ ಮೌಸಿನ ಮೇಲೆ ಸುಮ್ಮನೆ ಕೂತಿತ್ತು.

ಪಾತ್ರೆ ಅಂಗಡಿಯ ಯಜಮಾನರಿಗೆ ಹಬ್ಬದ ಶುಭಾಶಯದ ಕಾರ್ಡಿನಲ್ಲಿ ತಮ್ಮ ಅಂಗಡಿಯೇ ಇರಬೇಕಿತ್ತು. ಪ್ರೆಸ್ಸಿನ ಫೋಟೊಗ್ರಾಫರ್ ಹುಡುಗಿ, ಬಾಗಿಲ ಮುಂದಿನ ಕಲ್ಲಿನ ಮೆಟ್ಟಿಲ ಮೇಲೆ ಇಳಿಬಿಸಿಲು ಓರೆಯಾಗಿ ಬೀಳುವವರೆಗೆ ಕಾದು ಚಿತ್ರ ತೆಗೆದಿದ್ದಳು. ಅವಳ ಹಿಂದಿನ ಚಿತ್ರಗಳೆಲ್ಲ ಹೂವಿನ ಕೆಳಗೆ ಹೂತುಹೋಗಿದ್ದವು.

"ಇದೂ ಮುಚ್ಚಿಹೋದ್ರೆ ನಾನು ಪಾಸ್‌ಪೋರ್ಟ್ ಫೋಟೊನೇ ತೆಕ್ಕೊಂಡಿರ್ತೀನಿ. ಅಲ್ಲಿ ಮುಖನಾದ್ರೂ ಕಾಣುತ್ತೆ," ಎಂದಿದ್ದಳು. ನಗುತ್ತಲೇ ಹೇಳಿದ್ದಳು, ಆಮೇಲೆ ಮಾತೇ ಆಡಿರಲಿಲ್ಲ. ಅವಳ ಮೇಜು ಡಿಸೈನರ್‌ನ ಬೆನ್ನ ಹಿಂದೆಯೇ ಇತ್ತು.

ಅವನು ಶುರು ಮಾಡಿದ್ದೇನೋ ಚೆನ್ನಾಗಿಯೇ. ದೀಪ ಉರಿಯುವಂತೆ ಕಾಣಲು, ಇಳಿಬಿಸಿಲು ಅಳಿಯದ ಹಾಗೆ ಚಿತ್ರವನ್ನು ತುಸು ಕಪ್ಪಾಗಿಸಿದ. ಮೇಲಿನಿಂದ ತೆಗೆದ ರಂಗೋಲಿಯ ಫೋಟೊವನ್ನು ಮೆಟ್ಟಿಲ ಮುಂದೆ ಹಾಗೇ ಇಟ್ಟಾಗ ಅದು ಗೋಡೆಗೆ ನೇತುಹಾಕಿದ ತಟ್ಟೆಯಂತೆ ನಿಂತಿತು. ಆಚೆಯ ಅಂಚನ್ನು ಕಿರಿದಾಗಿಸಿ, ಇಡೀ ರಂಗೋಲಿಯನ್ನು ಚಪ್ಪಟೆ ಮಾಡಿದ ಮೇಲೆ ನೆಲಕ್ಕೆ ಒರಗಿತು. ಕೆಳಗಿನ ಮೆಟ್ಟಿಲಿಗೆ ಒಂದು ದೀಪ, ಅದು ತೇಲದಂತೆ ಬುಡದಲ್ಲಿ ತೆಳು ನೆರಳು, ಸುತ್ತ ಕಲ್ಲಿಗೆ ಹಳದಿ ಬೆಳಕು.

ಆಗ ಯಜಮಾನರು ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. ಮೂಲೆ ಬಿಕೋ ಅನ್ನುತ್ತದೆ ಎಂದರು, ಹೂವು ಬಂತು. ಬಾಗಿಲಿಗೆ ಮಾಲೆ ಎಂದರು, ಅದೂ ಬಂತು. ದೀಪದ ಸಾಲು ಮೆಟ್ಟಿಲು ಹತ್ತಿತು. ಹೋದವರು ದಾರಿಯಿಂದ ಫೋನ್ ಮಾಡಿ ಇನ್ನೊಂದು ದೀಪಕ್ಕೆ ಹೇಳಿದರು.

ಅದನ್ನೂ ಇಟ್ಟ. ಮೆಟ್ಟಿಲು ಮಾಯ. ಅದನ್ನು ಮತ್ತೊಮ್ಮೆ ನೋಡಬೇಕೆನಿಸಿ, ಚಿತ್ರದ ಮೇಲೆ ಒಂದೊಂದಾಗಿ ಹೊದಿಸಿದ್ದ ಹೂವಿನ, ದೀಪದ ಪದರಗಳ ಪಕ್ಕ ಪರದೆಯಲ್ಲಿ ಕಾಣುವ ಕಣ್ಣಿನ ಗುರುತನ್ನು ಒತ್ತಿ ಒಂದೊಂದನ್ನೇ ಮರೆಮಾಡಿದ. ಮೊದಲ ದೀಪ, ರಂಗೋಲಿ, ಮೆಟ್ಟಿಲ ಮೇಲಿನ ಇಳಿಬಿಸಿಲು ಉಳಿದವು. ಅಷ್ಟರಲ್ಲಿ ಪ್ರೆಸ್ ಮಾಲೀಕರು ಮಾದರಿ ಎಲ್ಲಿ ಎಂದು ಗದರಿದರು. ಗಾಬರಿಯಲ್ಲಿ ಯಜಮಾನರ ಫೋನಿಗೆ ಕಳಿಸಿಯೇಬಿಟ್ಟ. ಪದರಗಳು ಮರೆಯಾಗಿಯೇ ಇದ್ದವೆಂದು ಕಂಡಾಗ ಮತ್ತೆ ಮೌಸಿಗೆ ಕೈ ಹಾಕಿದ.

ಸರಿಯಾದದ್ದನ್ನು ಕಳಿಸುವ ಮೊದಲೇ ಯಜಮಾನರ ಫೋನ್ ಬಂತು. ಮಾಲೀಕರು ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದರು.

"ಏನಪ್ಪಾ, ನನ್ನ ದೀಪಗಳನ್ನೆಲ್ಲ ನುಂಗಿಬಿಟ್ಯಲ್ಲ?"

ಅವನು ಕುರ್ಚಿಯಿಂದ ಎದ್ದು ನಿಂತ.

"ನಾನು ಬೈಯೋಣ ಅಂತಿದ್ದೆ. ನಮ್ಮನೆಯವಳು ಫೋನ್ ಕಿತ್ಕೊಂಡು ನೋಡಿ, ಅಬ್ಬ, ಈ ಸಲನಾದ್ರೂ ಅಂಗಡಿ ಕಾಣ್ತಿದೆ ಅಂದ್ಲು. ಇನ್ನು ನಂದೇನಿದೆ? ಹಾಗೇ ಅಚ್ಚು ಹಾಕು."

ಹಿಂದಿನ ಮೇಜಿನ ಕುರ್ಚಿ ಸರಿಯಿತು. ಫೋಟೊಗ್ರಾಫರ್ ಹುಡುಗಿ ಬಂದು ಪರದೆಯನ್ನು ಬಹಳ ಹೊತ್ತು ನೋಡಿದಳು.

"ನನ್ನ ಮೆಟ್ಟಿಲು ಉಳಿಸೋಕೆ ಬೇಕಂತಲೇ ತೆಗೆದ್ರಾ?"

ಅವನು ತಲೆ ಕೆರೆದುಕೊಂಡ. ಅವಳು ಅದನ್ನೇ ಉತ್ತರವೆಂದುಕೊಂಡು, ಆ ಬಿಸಿಲಿಗಾಗಿ ಎಷ್ಟು ಹೊತ್ತು ಕಾದೆನೆಂದು ಮಾತಿಗಿಳಿದಳು. ಮಾತು ಊಟದವರೆಗೂ ನಿಲ್ಲಲಿಲ್ಲ.

ಬೇಕೆಂದೇ ತೆಗೆದದ್ದಲ್ಲ, ಮರೆತು ಕಳಿಸಿದ್ದು ಎಂದು ಅವನು ಅವಳಿಗೆ ಯಾವತ್ತೂ ಹೇಳಲಿಲ್ಲ.