ಗೋಡೆಯ ಬಿಳಿ ಚೌಕ

ಮನೆಗೆ ಬೆಂಕಿ ಬಿದ್ದ ಮರುದಿನ ತಮ್ಮ ಓಡೋಡಿ ಬಂದಾಗ ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಕರೆಂಟಿನವರು ಕಂಬದಲ್ಲೇ ಲೈನು ತಪ್ಪಿಸಿ ಹೋಗಿದ್ದರು. ಅಡುಗೆಮನೆಯ ತಾರಸಿ ಬಿರುಕು ಬಿಟ್ಟಿದ್ದರಿಂದ ಅದರ ಕೆಳಗೆ ಯಾರೂ ಕಾಲಿಡಬಾರದೆಂದು ಇಂಜಿನಿಯರು ಹಗ್ಗ ಕಟ್ಟಿಸಿದ್ದರು. ನಡುಮನೆಯಲ್ಲಿದ್ದ ಫ್ರಿಜ್ಜಿನ ಹಾಲು, ಹೊಗೆ ಕುಡಿದ ಅಕ್ಕಿ, ಬೇಳೆ ಎಲ್ಲವನ್ನೂ ತಮ್ಮ ಒಂದೊಂದಾಗಿ ಫೋಟೊ ತೆಗೆದು, ಪಟ್ಟಿ ಬರೆದು, ಆಮೇಲೆ ಚೀಲಕ್ಕೆ ತುಂಬಿದ.

"ಫೋಟೊ ಇಲ್ದೆ ಒಂದು ಚಮಚಾನೂ ಎಸೀಬಾರ್ದು ಅಕ್ಕ. ವಿಮೆಯೋರು ನಂಬಲ್ಲ."

ಇಂಥ ತಮ್ಮ ಎಷ್ಟು ಜನಕ್ಕಿದ್ದಾನೆ ಎಂದು ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸಂಜೆ ಬಂದ ವಿಮೆಯ ಸರ್ವೇಯರು ಫೋಟೊಗಳನ್ನೆಲ್ಲ ನೋಡಿ, "ಫ್ಯೂಸ್ ಬೋರ್ಡಿನ ಫೋಟೊ ಎಲ್ಲಿ?" ಎಂದರು.

ಮೂವರೂ ನಡುಮನೆಯ ಗೋಡೆಯತ್ತ ತಿರುಗಿದರು. ಮಸಿ ಹಿಡಿದ ಗೋಡೆಯ ಮೇಲೆ ಬೋರ್ಡಿನಷ್ಟೇ ಅಗಲದ ಒಂದು ಬಿಳಿ ಚೌಕವಿತ್ತು, ಬೋರ್ಡಿರಲಿಲ್ಲ.

"ಅದು ಸುಟ್ಟು ಕರಕಲಾಗಿತ್ತು ಸಾರ್, ಬೆಳಿಗ್ಗೆನೇ ಕಸಕ್ಕೆ ಹೋಯ್ತು," ಎಂದ ತಮ್ಮ, ಅಕ್ಕನ ಮುಖ ತಪ್ಪಿಸಿ.

ಚಮಚಕ್ಕೂ ಫೋಟೊ ಬೇಕೆಂದವನು! ಅಕ್ಕನಿಗೆ ಥಟ್ಟನೆ ನೆನಪಾಯಿತು. ಹೋದ ತಿಂಗಳು ಫ್ಯೂಸು ಪದೇಪದೇ ಹೋಗುತ್ತಿದ್ದಾಗ ಇವನೇ ಸ್ಟೂಲು ಹತ್ತಿ, ಸಣ್ಣ ತಂತಿಯ ಜಾಗಕ್ಕೆ ದಪ್ಪ ತಂತಿ ಬಿಗಿದು, "ಇನ್ನು ಜನ್ಮದಲ್ಲಿ ಹೋಗಲ್ಲ ಬಿಡಕ್ಕ" ಎಂದು ನಕ್ಕಿದ್ದ. ಫ್ಯೂಸು ಹೋಗಲಿಲ್ಲ, ಮನೆ ಹೋಯಿತು.

"ಬೋರ್ಡು ಬಿಚ್ಚಿದ್ದು ಯಾರು?" ಸರ್ವೇಯರು ಪೆನ್ನು ತೆಗೆದರು.

ತಮ್ಮ ಅವಳ ಮುಂಗೈ ಒತ್ತಿದ. ಅಕ್ಕ ಕೈ ಕೊಸರಿಕೊಂಡಳು.

"ಅದಕ್ಕೆ ದಪ್ಪ ತಂತಿ ಹಾಕಿದೋನೇ, ಸಾರ್. ಬರ್ಕೊಳ್ಳಿ."